ವಾಟ್ಸಾಪ್ ಖಾತೆಗೆ ತಾತ್ಕಾಲಿಕ ನಿರ್ಬಂಧ: ಕಾರಣವೇನು, ಮನವಿ ಸಲ್ಲಿಸುವುದು ಹೇಗೆ?

ಡಫಳಾಪುರ: ಜತ್ತ ತಾಲೂಕಿನ ಕನ್ನಡ ಮಾಧ್ಯಮ ಶಾಲೆಗಳ ಪಾಲಕರಿಗೆ ಶಾಲೆಯ ಸೂಚನೆಗಳು ಇಂದು ಬಹುಪಾಲು ವಾಟ್ಸಾಪ್ ಮೂಲಕವೇ ತಲುಪುತ್ತವೆ. ಶಿಷ್ಯವೇತನ ಪರೀಕ್ಷೆಯ ಅರ್ಜಿ, ದಾಖಲೆಗಳ ಪಟ್ಟಿ, ಪಾಲಕರ ಸಭೆಯ ದಿನಾಂಕ, ಮರುದಿನದ ರಜೆ, ಎಲ್ಲವೂ ಅದೇ ಗುಂಪಿನಲ್ಲಿ ಬರುತ್ತವೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ಊರು ಬಿಟ್ಟು ಕಾರ್ಖಾನೆಗಳ ಕಡೆಗೆ ಹೋಗುವ ಕುಟುಂಬಗಳಿಗಂತೂ ಅಜ್ಜ ಅಜ್ಜಿಯರ ಬಳಿ ಬಿಟ್ಟುಹೋದ ಮಗುವಿನ ಶಾಲೆಯೊಂದಿಗೆ ಇರುವ ಸಂಬಂಧ ಆ ಒಂದು ಮೊಬೈಲ್ ಸಂಖ್ಯೆಯೇ ಆಗಿರುತ್ತದೆ. ಹೀಗಿರುವಾಗ ಒಂದು ಬೆಳಿಗ್ಗೆ ವಾಟ್ಸಾಪ್ ತೆರೆದರೆ ಸಂಭಾಷಣೆಗಳ ಬದಲು ಖಾತೆಯನ್ನು ನಿರ್ಬಂಧಿಸಲಾಗಿದೆ ಎಂಬ ಸೂಚನೆ ಕಂಡರೆ ಗಾಬರಿಯಾಗುವುದು ಸಹಜ. ಆ ಗಾಬರಿಯಲ್ಲಿ ಮಾಡುವ ಎರಡು ಮೂರು ತಪ್ಪುಗಳೇ ಕೆಲವು ಗಂಟೆಗಳ ನಿರ್ಬಂಧವನ್ನು ಶಾಶ್ವತ ನಷ್ಟವಾಗಿ ಪರಿವರ್ತಿಸಬಲ್ಲವು. ಆದ್ದರಿಂದ ಈ ನಿರ್ಬಂಧಗಳು ಏಕೆ ಬರುತ್ತವೆ, ಬಂದಾಗ ಯಾವ ಕ್ರಮದಲ್ಲಿ ನಡೆದುಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೂರು ಬಗೆಯ ಸೂಚನೆಗಳು

ಮೊದಲು ಪರದೆಯ ಮೇಲೆ ಏನು ಬರೆದಿದೆ ಎಂಬುದನ್ನು ನಿಧಾನವಾಗಿ ಓದಬೇಕು. ಏಕೆಂದರೆ ಮೂರು ಬೇರೆ ಬೇರೆ ಸ್ಥಿತಿಗಳನ್ನು ನಮ್ಮ ಜನ ಒಂದೇ ಮಾತಿನಲ್ಲಿ "ವಾಟ್ಸಾಪ್ ಬಂದ್ ಆಯಿತು" ಎನ್ನುತ್ತಾರೆ. ಆದರೆ ಮೂರಕ್ಕೂ ಪರಿಹಾರ ಒಂದೇ ಅಲ್ಲ.

ಮೊದಲನೆಯದು, ಖಾತೆ ತೆರೆದಿರುತ್ತದೆ, ಹಳೆಯ ಸಂಭಾಷಣೆಗಳಿಗೆ ಉತ್ತರಿಸಬಹುದು, ಗುಂಪುಗಳಲ್ಲಿಯೂ ಬರೆಯಬಹುದು. ಆದರೆ ಹೊಸಬರೊಂದಿಗೆ ಸಂಭಾಷಣೆ ಆರಂಭಿಸಲು ಆಗುವುದಿಲ್ಲ. ಇದು ಮಿತಿ ಹಾಕಿದ ಸ್ಥಿತಿ. ಅಪರಿಚಿತರಿಗೆ ಹೆಚ್ಚಿನ ಸಂಖ್ಯೆಯಲ್ಲಿ ಸಂದೇಶ ಕಳುಹಿಸಿದಂತೆ ಕಂಡುಬಂದಾಗ ಇದು ಬರುತ್ತದೆ. ಸೂಚಿಸಿದ ಅವಧಿ ಮುಗಿದೊಡನೆ ತಾನಾಗಿಯೇ ತೆರವಾಗುತ್ತದೆ.

ಎರಡನೆಯದು, ಪರದೆಯ ಮೇಲೆ "Temporarily banned" ಎಂಬ ಪದಗಳಿದ್ದು, ಜೊತೆಗೆ ಉಳಿದ ಸಮಯವನ್ನು ತೋರಿಸುವ ಗಡಿಯಾರ ಹಿಂದಕ್ಕೆ ಎಣಿಸುತ್ತಿರುತ್ತದೆ. ಇದು ತಾತ್ಕಾಲಿಕ ನಿರ್ಬಂಧ. ಮೊಬೈಲಿನಲ್ಲಿರುವುದು ಅಧಿಕೃತವಲ್ಲದ, ಮಾರ್ಪಡಿಸಿದ ಆ್ಯಪ್ ಎಂಬುದು ಇದರ ಸಾಮಾನ್ಯ ಅರ್ಥ. ಯಂತ್ರದ ಸಹಾಯದಿಂದ ಇತರರ ಸಂಖ್ಯೆ ಮತ್ತು ಮಾಹಿತಿಯನ್ನು ಗುಡ್ಡೆಹಾಕುತ್ತಿರುವ ಶಂಕೆ ಬಂದಾಗಲೂ ಇದೇ ಸೂಚನೆ ಬರುತ್ತದೆ.

ಮೂರನೆಯದು, ಗಡಿಯಾರವೇ ಇರುವುದಿಲ್ಲ. ಈ ಖಾತೆಗೆ ವಾಟ್ಸಾಪ್ ಬಳಸಲು ಅನುಮತಿ ಇಲ್ಲ ಎಂಬ ವಾಕ್ಯವಿರುತ್ತದೆ. ಅದರ ಕೆಳಗೆ ಪುನರ್ಪರಿಶೀಲನೆ ಕೋರುವ "Request a review" ಎಂಬ ಗುಂಡಿ ಇರಬಹುದು. ಇದು ಕಾಲಮಿತಿಯಿಲ್ಲದ ನಿರ್ಬಂಧ. ಮನವಿ ಎಂಬ ಮಾತು ನಿಜವಾಗಿ ಅನ್ವಯವಾಗುವುದು ಇದಕ್ಕೆ.

ಸೂಚನೆ ಕಂಡ ಕೂಡಲೇ ಆ ಪರದೆಯ ಒಂದು ಚಿತ್ರವನ್ನು ತೆಗೆದಿಟ್ಟುಕೊಳ್ಳಬೇಕು. ದಿನಾಂಕ ಮತ್ತು ಸಮಯ ಅದರಲ್ಲಿ ಉಳಿಯುತ್ತವೆ. ಮುಂದೆ ದೂರು ಕೊಡುವ ಪ್ರಸಂಗ ಬಂದರೆ ಅದೇ ಮೊದಲ ಸಾಕ್ಷಿ.

ಮಾರ್ಪಡಿಸಿದ ಆ್ಯಪ್ ಎಂದರೇನು?

ಜಿಬಿ ವಾಟ್ಸಾಪ್, ವಾಟ್ಸಾಪ್ ಪ್ಲಸ್, ಎಫ್‌ಎಂ ವಾಟ್ಸಾಪ್, ಯೋ ವಾಟ್ಸಾಪ್ ಮುಂತಾದ ಹೆಸರುಗಳನ್ನು ನಮ್ಮ ಹಳ್ಳಿಗಳಲ್ಲಿಯೂ ಹಲವರು ಕೇಳಿದ್ದಾರೆ. ಇವನ್ನು ಮಾಡಿದವರು ವಾಟ್ಸಾಪ್ ಕಂಪನಿಯವರಲ್ಲ. ಮೂಲ ಆ್ಯಪನ್ನು ಬಿಚ್ಚಿ, ಅದರಲ್ಲಿ ತಮಗೆ ಬೇಕಾದುದನ್ನು ಸೇರಿಸಿ, ಮತ್ತೆ ಹೊಲಿದು ಹಂಚುವ ಬೇರೆ ಜನ. ಇವು ಪ್ಲೇ ಸ್ಟೋರಿನಲ್ಲಿ ಸಿಗುವುದಿಲ್ಲ. ಯಾವುದೋ ಜಾಲತಾಣದಿಂದ, ಇಲ್ಲವೇ ಗೆಳೆಯರು ಕಳುಹಿಸಿದ, ಹೆಸರಿನ ಕೊನೆಗೆ .apk ಎಂದಿರುವ ಕಡತದಿಂದ ಮೊಬೈಲನ್ನು ಸೇರುತ್ತವೆ.

ಜನ ಇವುಗಳನ್ನು ಕೆಟ್ಟ ಉದ್ದೇಶದಿಂದ ಹಾಕಿಕೊಳ್ಳುತ್ತಾರೆಂದಲ್ಲ. ನೀಲಿ ಗುರುತು ಕಾಣದಂತೆ ಮಾಡಬಹುದು, ಎರಡು ಸಿಮ್‌ಗಳಿಗೆ ಎರಡು ವಾಟ್ಸಾಪ್ ಇಟ್ಟುಕೊಳ್ಳಬಹುದು, ಒಂದು ಸಂದೇಶವನ್ನು ಒಮ್ಮೆಗೇ ಬಹಳ ಜನರಿಗೆ ದಾಟಿಸಬಹುದು ಎಂಬ ಆಕರ್ಷಣೆಯೇ ಕಾರಣ. ಗಡಿಭಾಗದ ನಮಗೆ ಎರಡನೆಯ ಕಾರಣ ವಿಶೇಷವಾಗಿ ಅನ್ವಯಿಸುತ್ತದೆ. ಮಹಾರಾಷ್ಟ್ರದಲ್ಲಿ ಕೊಂಡ ಸಿಮ್ ಒಂದು, ವಿಜಯಪುರದ ಕಡೆಯ ನೆಂಟರಿಗಾಗಿ ಇಟ್ಟುಕೊಂಡ ಕರ್ನಾಟಕದ ಸಿಮ್ ಇನ್ನೊಂದು, ಹೀಗೆ ಎರಡು ಸಂಖ್ಯೆಗಳಿರುವ ಮನೆಗಳು ಅಪರೂಪವಲ್ಲ. ಆದರೆ ಈ ಅನುಕೂಲಗಳಲ್ಲಿ ಎರಡಕ್ಕೆ ಇಂದು ಮಾರ್ಪಡಿಸಿದ ಆ್ಯಪ್ ಬೇಕಾಗಿಯೇ ಇಲ್ಲ. ನೀಲಿ ಗುರುತನ್ನು ಅಧಿಕೃತ ವಾಟ್ಸಾಪಿನ ಗೋಪ್ಯತೆಯ ಆಯ್ಕೆಗಳಲ್ಲಿಯೇ ನಿಲ್ಲಿಸಬಹುದು. ಎರಡು ಸಿಮ್ ಇರುವ ಆಂಡ್ರಾಯ್ಡ್ ಮೊಬೈಲಿನಲ್ಲಿ ಎರಡು ಖಾತೆಗಳನ್ನು ಒಂದೇ ಅಧಿಕೃತ ಆ್ಯಪಿನಲ್ಲಿ ಇಟ್ಟುಕೊಳ್ಳುವ ಸೌಲಭ್ಯವನ್ನು ಕಂಪನಿ 2023ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಮೂರನೆಯ ಅನುಕೂಲ, ಅಂದರೆ ಮಿತಿಯಿಲ್ಲದೆ ದಾಟಿಸುವುದು, ನಿರ್ಬಂಧಕ್ಕೆ ನೇರ ದಾರಿ.

ಕಂಪನಿ ಇದನ್ನು ಏಕೆ ತಡೆಯುತ್ತದೆ? ವಾಟ್ಸಾಪಿನ ಸೇವಾ ಷರತ್ತುಗಳ ಪ್ರಕಾರ ಇಂಥ ಆ್ಯಪ್‌ಗಳ ಬಳಕೆಯೇ ಷರತ್ತಿನ ಉಲ್ಲಂಘನೆ. 2015ರ ಜನವರಿಯಲ್ಲಿಯೇ ವಾಟ್ಸಾಪ್ ಪ್ಲಸ್ ಬಳಕೆದಾರರನ್ನು 24 ಗಂಟೆಗಳ ಕಾಲ ಹೊರಗಿಟ್ಟ ಪ್ರಸಂಗ ನಡೆದಿತ್ತು. ಆದರೆ ಷರತ್ತಿಗಿಂತ ದೊಡ್ಡ ಕಾರಣ ಸುರಕ್ಷತೆಯದು. ಸಂದೇಶವು ಕಳುಹಿಸಿದವರ ಮೊಬೈಲಿನಲ್ಲಿ ಬೀಗ ಹಾಕಿಕೊಂಡು ಪಡೆದವರ ಮೊಬೈಲಿನಲ್ಲಿ ಮಾತ್ರ ಬೀಗ ತೆರೆಯುತ್ತದೆ. ಆ ಬೀಗ ಮತ್ತು ಕೀಲಿಕೈ ಎರಡನ್ನೂ ನೋಡಿಕೊಳ್ಳುವುದು ಆ್ಯಪ್. ಆ್ಯಪನ್ನೇ ಅಪರಿಚಿತರು ತಯಾರಿಸಿದ್ದರೆ ಕೀಲಿಕೈಯನ್ನು ಅಪರಿಚಿತರಿಗೆ ಕೊಟ್ಟಂತೆ. ಇದು ಬರಿಯ ಊಹೆಯಲ್ಲ. 2021ರ ಆಗಸ್ಟಿನಲ್ಲಿ ಕ್ಯಾಸ್ಪರ್‌ಸ್ಕಿ ಎಂಬ ಭದ್ರತಾ ಸಂಸ್ಥೆಯು ಎಫ್‌ಎಂ ವಾಟ್ಸಾಪಿನ ಒಂದು ಆವೃತ್ತಿಯಲ್ಲಿ ಟ್ರಿಯಾಡಾ ಎಂಬ ಕಳ್ಳ ತಂತ್ರಾಂಶ ಅಡಗಿರುವುದನ್ನು ಕಂಡುಹಿಡಿಯಿತು. ಮರುವರ್ಷ ಯೋ ವಾಟ್ಸಾಪಿನ ಒಂದು ಆವೃತ್ತಿಯು ಬಳಕೆದಾರರ ಖಾತೆಯ ಕೀಲಿಗಳನ್ನೇ ಹೊರಗೆ ಸಾಗಿಸುತ್ತಿದ್ದುದನ್ನು ಅದೇ ಸಂಸ್ಥೆ ಬಹಿರಂಗಪಡಿಸಿತು. ಮಗುವಿನ ಆಧಾರ್ ಪ್ರತಿ, ಬ್ಯಾಂಕ್ ಪುಸ್ತಕದ ಚಿತ್ರ, ಜಾತಿ ಪ್ರಮಾಣಪತ್ರ ಇವೆಲ್ಲವನ್ನೂ ನಾವು ಇದೇ ಆ್ಯಪಿನಲ್ಲಿ ಶಿಕ್ಷಕರಿಗೆ ಕಳುಹಿಸುತ್ತೇವೆ ಎಂಬುದನ್ನು ನೆನೆದರೆ ವಿಷಯದ ಗಾಂಭೀರ್ಯ ತಿಳಿಯುತ್ತದೆ.

ನಿಮ್ಮ ಮೊಬೈಲಿನಲ್ಲಿರುವುದು ಯಾವುದು ಎಂದು ತಿಳಿಯುವುದು ಸುಲಭ. ಆ್ಯಪಿನ "Settings" ಒಳಗೆ "Help", ಅದರೊಳಗೆ "App info" ಒತ್ತಿ ನೋಡಬೇಕು. ಅಲ್ಲಿ ಬರುವ ಹೆಸರು "WhatsApp Messenger" ಅಥವಾ ಅಂಗಡಿಕಾರರು ಬಳಸುವ "WhatsApp Business" ಆಗಿರದಿದ್ದರೆ ಅದು ಮಾರ್ಪಡಿಸಿದ ಆ್ಯಪ್. ಹಳೆಯ ಮೊಬೈಲ್ ಕೊಂಡವರು, ಅಂಗಡಿಯಲ್ಲಿ ಬೇರೆಯವರಿಂದ ವಾಟ್ಸಾಪ್ ಹಾಕಿಸಿಕೊಂಡವರು ಇದನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಎಷ್ಟೋ ಜನರಿಗೆ ತಮ್ಮ ಮೊಬೈಲಿನಲ್ಲಿ ಇರುವುದು ಬೇರೆಯದೆಂಬ ಅರಿವೇ ಇರುವುದಿಲ್ಲ.

ಸಂದೇಶವನ್ನು ಓದದೆ ದೋಷ ಹುಡುಕುವುದು ಹೇಗೆ?

ಇನ್ನು ಎರಡನೆಯ ಕಾರಣ, ಒಟ್ಟಾಗಿ ಬಹಳ ಸಂದೇಶ ಕಳುಹಿಸುವುದು. "ನಮ್ಮ ಸಂದೇಶವನ್ನು ಯಾರೂ ಓದಲಾರರು ಎಂದಮೇಲೆ ನಾವು ಮಾಡಿದ್ದು ಕಂಪನಿಗೆ ತಿಳಿಯುವುದಾದರೂ ಹೇಗೆ?" ಎಂದು ಪಾಲಕರು ಕೇಳುವುದುಂಟು. ಅಂಚೆ ಕಚೇರಿಯ ಉದಾಹರಣೆ ಇಲ್ಲಿ ಉಪಯುಕ್ತ. ಅಂಚೆಯವರು ಲಕೋಟೆಯನ್ನು ಒಡೆದು ಓದುವುದಿಲ್ಲ. ಆದರೆ ಹಿಂದಿನ ದಿನವಷ್ಟೇ ಊರಿಗೆ ಬಂದ ಒಬ್ಬ ವ್ಯಕ್ತಿ ಒಂದೇ ಗಳಿಗೆಯಲ್ಲಿ ಇನ್ನೂರು ಲಕೋಟೆ ತಂದು ಸುರಿದರೆ, ಅವುಗಳಲ್ಲಿ ಅರ್ಧಕ್ಕರ್ಧ "ನಮಗೆ ಬೇಡ" ಎಂದು ಹಿಂದಿರುಗಿದರೆ, ಒಳಗೆ ಏನಿದೆ ಎಂದು ನೋಡದೆಯೇ ಅನುಮಾನ ಹುಟ್ಟುತ್ತದೆ. ವಾಟ್ಸಾಪ್ ಮಾಡುವುದೂ ಇದನ್ನೇ.

2019ರ ಫೆಬ್ರವರಿಯಲ್ಲಿ ಕಂಪನಿ ಪ್ರಕಟಿಸಿದ ವಿವರಣೆಯ ಪ್ರಕಾರ ಪರಿಶೀಲನೆ ಮೂರು ಹಂತಗಳಲ್ಲಿ ನಡೆಯುತ್ತದೆ. ಖಾತೆಯನ್ನು ನೋಂದಾಯಿಸುವಾಗ ಒಮ್ಮೆ, ಸಂದೇಶ ಕಳುಹಿಸುವಾಗ ಒಮ್ಮೆ, ಪಡೆದವರು ದೂರು ಕೊಟ್ಟಾಗ ಅಥವಾ ತಡೆಹಿಡಿದಾಗ ಮತ್ತೊಮ್ಮೆ. ನೋಂದಣಿಯಾಗಿ ಐದು ನಿಮಿಷವೂ ಆಗಿರದ ಖಾತೆಯಿಂದ 15 ಸೆಕೆಂಡುಗಳಲ್ಲಿ 100 ಸಂದೇಶ ಹೋಗುವುದನ್ನು ಆ ವಿವರಣೆ ಉದಾಹರಣೆಯಾಗಿ ಕೊಡುತ್ತದೆ. ಮನುಷ್ಯರ ಕೈಯಿಂದ ಅದು ಸಾಧ್ಯವಿಲ್ಲ. ಬರೆಯುತ್ತಿದ್ದಾರೆ ಎಂಬ ಗುರುತು ಒಮ್ಮೆಯೂ ಮೂಡದೆ ಸಂದೇಶದ ಮೇಲೆ ಸಂದೇಶ ಹೋಗುವುದೂ ಯಂತ್ರದ ಲಕ್ಷಣ. ಪಡೆದವರು ದೂರು ಕೊಟ್ಟಾಗ ಮಾತ್ರ ಆ ಸಂಭಾಷಣೆಯ ಇತ್ತೀಚಿನ ಐದು ಸಂದೇಶಗಳವರೆಗೆ ಕಂಪನಿಗೆ ತಲುಪುತ್ತವೆ. ಹೀಗಾಗಿ ನಿರ್ಧಾರ ನಮ್ಮ ಉದ್ದೇಶವನ್ನು ನೋಡಿ ಆಗುವುದಿಲ್ಲ. ಅದು ಆಗುವುದು ವೇಗ, ಸಂಖ್ಯೆ ಮತ್ತು ಪಡೆದವರ ಪ್ರತಿಕ್ರಿಯೆಯನ್ನು ನೋಡಿ.

ನಮ್ಮ ದೇಶದಲ್ಲಿ ಇದರ ಪ್ರಮಾಣ ಸಣ್ಣದಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಬಂದ ಮೇಲೆ ವಾಟ್ಸಾಪ್ ಪ್ರತಿ ತಿಂಗಳೂ ವರದಿ ಪ್ರಕಟಿಸಬೇಕಾಗಿದೆ. ಆ ವರ್ಷದ ಮೇ 15ರಿಂದ ಜೂನ್ 15ರವರೆಗಿನ ಮೊದಲ ವರದಿಯಲ್ಲಿಯೇ ಭಾರತದ ಸುಮಾರು 20 ಲಕ್ಷ ಖಾತೆಗಳನ್ನು ನಿರ್ಬಂಧಿಸಿದುದಾಗಿ ಹೇಳಲಾಗಿತ್ತು. ನಿರ್ಬಂಧಗಳಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲಿಗೆ ಕಾರಣ ಅನಧಿಕೃತವಾಗಿ ಯಂತ್ರದ ಮೂಲಕ ಅಥವಾ ಒಟ್ಟಾಗಿ ಸಂದೇಶ ಕಳುಹಿಸಿದುದೇ ಆಗಿತ್ತು.

ಒಂದು ಪ್ರಸಂಗವನ್ನು ಹಂತಹಂತವಾಗಿ ನೋಡೋಣ

ಡಫಳಾಪುರದಂಥ ಊರಿನ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಕನ್ನಡ ಶಾಲೆಯ ವ್ಯವಸ್ಥಾಪನ ಸಮಿತಿಯಲ್ಲಿರುವ ಒಬ್ಬ ಪಾಲಕರು. ಅವರ ಮೊಬೈಲಿನಲ್ಲಿ ತಮ್ಮನ ಮಗ ಹಾಕಿಕೊಟ್ಟ ಜಿಬಿ ವಾಟ್ಸಾಪ್ ಇದೆ. ಜೂನ್ ತಿಂಗಳು, ಒಂದನೆಯ ತರಗತಿಗೆ ಮಕ್ಕಳನ್ನು ಸೇರಿಸುವ ದಿನಗಳು. ಪಟಸಂಖ್ಯೆ ಕಡಿಮೆಯಾಗಬಾರದೆಂಬ ಕಳಕಳಿಯಿಂದ ಅವರು ಸುತ್ತಲಿನ ವಸತಿಗಳ 180 ಜನರ ಸಂಖ್ಯೆಗಳನ್ನು ಸಂಗ್ರಹಿಸಿ, "ನಿಮ್ಮ ಮಗುವನ್ನು ಕನ್ನಡ ಶಾಲೆಗೆ ಸೇರಿಸಿ" ಎಂಬ ಒಂದೇ ಸಂದೇಶವನ್ನು ಒಂದೇ ರಾತ್ರಿ ಎಲ್ಲರಿಗೂ ಕಳುಹಿಸುತ್ತಾರೆ. ಆ 180 ಜನರಲ್ಲಿ ಬಹುಪಾಲು ಜನರ ಮೊಬೈಲಿನಲ್ಲಿ ಇವರ ಹೆಸರಿಲ್ಲ. ಅಪರಿಚಿತ ಸಂಖ್ಯೆಯಿಂದ ಸಂದೇಶ ಬಂದಾಗ ತಡೆಹಿಡಿಯುವ, ದೂರು ಕೊಡುವ ಆಯ್ಕೆಗಳು ಅಲ್ಲಿಯೇ ಎದುರಿಗೆ ಕಾಣುತ್ತವೆ. ಕೆಲವರು ಯೋಚಿಸದೆ ಅದನ್ನು ಒತ್ತುತ್ತಾರೆ. ಬೆಳಿಗ್ಗೆ ಪರದೆಯ ಮೇಲೆ "Temporarily banned" ಎಂಬ ಸೂಚನೆ, ಪಕ್ಕದಲ್ಲಿ ಗಡಿಯಾರ.

ಇಲ್ಲಿ ಅವರಿಂದ ಎರಡು ದೋಷಗಳು ಒಟ್ಟಿಗೆ ಆಗಿವೆ. ಆ್ಯಪ್ ಅಧಿಕೃತವಲ್ಲ, ಸಂದೇಶಗಳು ಅಪರಿಚಿತರಿಗೆ ರಾಶಿಯಾಗಿ ಹೋಗಿವೆ. ಗಡಿಯಾರವುಳ್ಳ ಸೂಚನೆ ಬಂದಿರುವುದರಿಂದ ಮೊದಲು ಸರಿಪಡಿಸಬೇಕಾದುದು ಆ್ಯಪನ್ನು.

ಈಗ ಅವರು ಮಾಡಬಾರದ ಮೊದಲ ಕೆಲಸವೆಂದರೆ ಆ ಜಿಬಿ ವಾಟ್ಸಾಪನ್ನು ಸಿಟ್ಟಿನಿಂದ ಅಳಿಸಿಹಾಕುವುದು. ಅಳಿಸಿದರೆ ಉಳಿಸಿಕೊಳ್ಳದ ಸಂಭಾಷಣೆಗಳೂ, ಶಾಲೆಯ ದಾಖಲೆಗಳೂ ಕಳೆದುಹೋಗಬಹುದು. ಎರಡನೆಯದು, ಅದೇ ಆ್ಯಪಿನ ಹೊಸ ಆವೃತ್ತಿಯನ್ನು ಹುಡುಕಿ ಹಾಕುವುದು. "ಇದಕ್ಕೆ ನಿರ್ಬಂಧ ಬರುವುದಿಲ್ಲ" ಎಂದು ಬರೆದುಕೊಂಡ ಆವೃತ್ತಿಗಳು ಬಹಳ ಸಿಗುತ್ತವೆ, ಆದರೆ ಹಾಗೆ ಬರೆದ ಮಾತ್ರಕ್ಕೆ ಅದು ನಿಜವಾಗುವುದಿಲ್ಲ. ತಾತ್ಕಾಲಿಕ ನಿರ್ಬಂಧದ ನಂತರವೂ ಅಧಿಕೃತ ಆ್ಯಪಿಗೆ ಬರದಿದ್ದರೆ ಖಾತೆ ಶಾಶ್ವತವಾಗಿ ಹೋಗಬಹುದೆಂದು ಕಂಪನಿ ಮೊದಲೇ ಎಚ್ಚರಿಸಿದೆ. ಗಡಿಯಾರ ಓಡುತ್ತಿರುವಾಗ ಮನವಿ ಬರೆದು ಆ ಸಮಯವನ್ನು ಕಡಿಮೆ ಮಾಡಿಸಿಕೊಳ್ಳುವ ಆಸೆಯೂ ಬೇಡ. ಕಾಯಬೇಕು, ಅಷ್ಟೇ.

ಅವಧಿ ಮುಗಿದ ಮೇಲೆ ಕಂಪನಿಯ ಸಹಾಯ ಪುಟ ಜಿಬಿ ವಾಟ್ಸಾಪ್ ಬಳಕೆದಾರರಿಗೆ ಹೇಳಿರುವ ಕ್ರಮ ಹೀಗಿದೆ. ಮೊದಲು ಆ ಆ್ಯಪಿನಲ್ಲಿಯೇ ಸಂಭಾಷಣೆಗಳ ಆಯ್ಕೆಗೆ ಹೋಗಿ "Back up chats" ಒತ್ತಿ ಎಲ್ಲವನ್ನೂ ಉಳಿಸಿಕೊಳ್ಳಬೇಕು. ನಂತರ ಮೊಬೈಲಿನ ಸಂಗ್ರಹದೊಳಗಿನ ಕಡತಗಳಿಗೆ ಹೋಗಿ, ಜಿಬಿ ವಾಟ್ಸಾಪಿನ ಹೆಸರಿರುವ ಚೀಲವನ್ನು ಹುಡುಕಿ, ಅದರ ಹೆಸರನ್ನು "WhatsApp" ಎಂದು ಬದಲಿಸಬೇಕು. ಆಮೇಲೆ ಪ್ಲೇ ಸ್ಟೋರಿನಿಂದ ಅಧಿಕೃತ ವಾಟ್ಸಾಪನ್ನು ಇಳಿಸಿಕೊಂಡು, ಮೊಬೈಲ್ ಸಂಖ್ಯೆಯನ್ನು ಪರಿಶೀಲಿಸಿಕೊಳ್ಳಬೇಕು. ಉಳಿಸಿದ ಸಂಗ್ರಹ ಸಿಕ್ಕಿದೆ ಎಂಬ ಪರದೆ ಬಂದಾಗ "Restore" ಒತ್ತಬೇಕು. ವಾಟ್ಸಾಪ್ ಪ್ಲಸ್ ಬಳಸುತ್ತಿದ್ದವರಿಗೆ, ಸಂಭಾಷಣೆಗಳನ್ನು ಮೊದಲೇ ಉಳಿಸಿದ್ದರೆ, ಹೆಸರು ಬದಲಿಸುವ ಕೆಲಸವಿಲ್ಲದೆ ಅವು ದಾಟಿಬರಬೇಕು.

ಇದರ ಮಿತಿಯನ್ನೂ ಹೇಳಬೇಕು. ಬೇರೆಯವರ ಆ್ಯಪಿನಿಂದ ಬರುವ ಸಂಗ್ರಹ ಸರಿಯಾಗಿ ದಾಟುವುದೆಂದು ಕಂಪನಿ ಭರವಸೆ ಕೊಡುವುದಿಲ್ಲ. ಹೊಸ ಮೊಬೈಲುಗಳಲ್ಲಿ ಆ ಚೀಲ ಸುಲಭವಾಗಿ ಕಾಣದಿರಬಹುದು. ಆದ್ದರಿಂದ ಮುಖ್ಯವಾದ ಚಿತ್ರಗಳನ್ನು, ಮಗುವಿನ ದಾಖಲೆಗಳನ್ನು ಮೊದಲೇ ಬೇರೆ ಕಡೆಗೆ ನಕಲು ಮಾಡಿಟ್ಟುಕೊಳ್ಳುವುದು ಜಾಣತನ. ಎಲ್ಲವೂ ಸರಿಯಾಗಿ ಬಂದಿದೆ ಎಂದು ಖಚಿತವಾದ ಮೇಲೆಯೇ ಹಳೆಯ ಆ್ಯಪನ್ನು ಅಳಿಸಬೇಕು.

ಗಡಿಯಾರವಿಲ್ಲದ ನಿರ್ಬಂಧ ಬಂದರೆ

ನಮ್ಮ ಪ್ರಸಂಗದ ಪಾಲಕರು ಆತುರಪಟ್ಟು ಇನ್ನೊಂದು ಮಾರ್ಪಡಿಸಿದ ಆವೃತ್ತಿ ಹಾಕಿಕೊಂಡು, ಮರುವಾರ ಅದೇ 180 ಜನರಿಗೆ ಪಾಲಕರ ಸಭೆಯ ಸಂದೇಶ ಕಳುಹಿಸಿದರು ಎಂದುಕೊಳ್ಳೋಣ. ಈ ಬಾರಿ ಗಡಿಯಾರವಿಲ್ಲ, ಖಾತೆಗೆ ಅನುಮತಿಯೇ ಇಲ್ಲವೆಂಬ ಸೂಚನೆ. ಈಗ ಮನವಿಯ ದಾರಿ ಹಿಡಿಯಬೇಕು.

ಮನವಿ ಕೊಡುವ ಮೊದಲು ಅಧಿಕೃತ ಆ್ಯಪಿಗೆ ಬಂದಿರಬೇಕು. ಮಾರ್ಪಡಿಸಿದ ಆ್ಯಪನ್ನೇ ಇಟ್ಟುಕೊಂಡು ತಪ್ಪು ತಿದ್ದಿಕೊಂಡಿದ್ದೇನೆ ಎಂದರೆ ಆ ಮಾತಿಗೆ ಬೆಲೆ ಇಲ್ಲ. ಅಧಿಕೃತ ಆ್ಯಪಿನಲ್ಲಿ ತಮ್ಮ ಸಂಖ್ಯೆ ಹಾಕಿದಾಗ ಬರುವ ನಿರ್ಬಂಧದ ಪರದೆಯಲ್ಲಿ "Request a review" ಒತ್ತಬೇಕು. ಎಸ್‌ಎಂಎಸ್ ಮೂಲಕ ಬರುವ ಆರು ಅಂಕೆಗಳ ಸಂಕೇತವನ್ನು ಕೇಳಿದರೆ ಅದನ್ನು ಆ ಪರದೆಯಲ್ಲಿಯೇ ತುಂಬಬೇಕು. ನಂತರ ವಿವರ ಬರೆಯಲು ಜಾಗ ಸಿಗುತ್ತದೆ. ಬರೆದು ಸಲ್ಲಿಸಿದ ಮೇಲೆ ಅದೇ ಆ್ಯಪನ್ನು ಆಗಾಗ ತೆರೆದು ಫಲಿತಾಂಶ ನೋಡಬಹುದು.

ಗಡಿಭಾಗದ ಕುಟುಂಬಗಳು ಇಲ್ಲಿಯೇ ಎಡವುವ ಸಾಧ್ಯತೆ ಹೆಚ್ಚು. ವಾಟ್ಸಾಪಿಗೆ ಜೋಡಿಸಿದ ಕರ್ನಾಟಕದ ಸಿಮ್ಮಿಗೆ ಹಣ ತುಂಬಿಸದೆ ತಿಂಗಳುಗಳಾಗಿರುತ್ತವೆ. ವಾಟ್ಸಾಪ್ ಮಾತ್ರ ಬೇರೆ ಸಿಮ್ಮಿನ ಇಂಟರ್ನೆಟ್ಟಿನಿಂದ ನಡೆಯುತ್ತಿರುತ್ತದೆ. ನಿರ್ಬಂಧ ಬಂದ ದಿನ ಸಂಕೇತವನ್ನು ಪಡೆಯಲು ಆ ಸಿಮ್ ಬೇಕು, ಆದರೆ ಅದು ಸತ್ತಿರುತ್ತದೆ. ಹೀಗೆ ನಿಂತುಹೋದ ಸಂಖ್ಯೆಯನ್ನು ದೂರವಾಣಿ ಕಂಪನಿಗಳು ಕೆಲಕಾಲದ ನಂತರ ಬೇರೆಯವರಿಗೆ ಕೊಡುತ್ತವೆ. ಆದ್ದರಿಂದ ಶಾಲೆಯ ಗುಂಪಿಗೆ ಕೊಟ್ಟ ಸಂಖ್ಯೆ ಎಸ್‌ಎಂಎಸ್ ಬರುವ ಸ್ಥಿತಿಯಲ್ಲಿ ಇರುವಂತೆ ನೋಡಿಕೊಳ್ಳಬೇಕು. ಇದಕ್ಕೆ ವ್ಯತಿರಿಕ್ತವಾಗಿ, ಹೊಸ ಸಿಮ್ ಕೊಂಡ ದಿನವೇ ನಿರ್ಬಂಧದ ಸೂಚನೆ ಬಂದರೆ ಆ ಸಂಖ್ಯೆಯ ಹಿಂದಿನ ಒಡೆಯನ ದೋಷ ಉಳಿದುಬಂದಿರುವ ಸಾಧ್ಯತೆಯುಂಟು. ಆಗ ಸಿಮ್ ಕೊಂಡ ದಿನಾಂಕವನ್ನು ಮನವಿಯಲ್ಲಿ ಸ್ಪಷ್ಟವಾಗಿ ಹೇಳಬೇಕು.

ಮನವಿಯ ಬರಹ ಚಿಕ್ಕದಾಗಿರಲಿ, ಸತ್ಯವಾಗಿರಲಿ. "ನಾನು ಏನೂ ಮಾಡಿಲ್ಲ" ಎಂಬ ಒಂದು ಸಾಲಿನಿಂದ ಪರಿಶೀಲಿಸುವವರಿಗೆ ಏನೂ ತಿಳಿಯುವುದಿಲ್ಲ. ನಮ್ಮ ಪ್ರಸಂಗದ ಪಾಲಕರು ಹೀಗೆ ಬರೆಯಬಹುದು:

"ನಾನು ಕನ್ನಡ ಮಾಧ್ಯಮ ಶಾಲೆಯೊಂದರ ವಿದ್ಯಾರ್ಥಿಯ ಪಾಲಕ, ಶಾಲಾ ಸಮಿತಿಯ ಸದಸ್ಯ. ಈ ಸಂಖ್ಯೆಯನ್ನು ನಾನೇ ಬಳಸುತ್ತಿದ್ದೇನೆ. ನನ್ನ ಮೊಬೈಲಿನಲ್ಲಿ ಜಿಬಿ ವಾಟ್ಸಾಪ್ ಇತ್ತು, ಈಗ ಅದನ್ನು ತೆಗೆದು ಅಧಿಕೃತ ಆ್ಯಪ್ ಹಾಕಿಕೊಂಡಿದ್ದೇನೆ. ಶಾಲಾ ಪ್ರವೇಶದ ಸೂಚನೆಯನ್ನು ಸುಮಾರು 180 ಜನರಿಗೆ ಒಟ್ಟಿಗೆ ಕಳುಹಿಸಿದ್ದೆ, ಅವರಲ್ಲಿ ಹಲವರು ನನ್ನ ಸಂಖ್ಯೆಯನ್ನು ಉಳಿಸಿಕೊಂಡಿರಲಿಲ್ಲ. ಇನ್ನು ಮುಂದೆ ಹಾಗೆ ಕಳುಹಿಸುವುದಿಲ್ಲ. ದಯವಿಟ್ಟು ನಿರ್ಬಂಧವನ್ನು ಪುನರ್ಪರಿಶೀಲಿಸಬೇಕು."

ಇದರಲ್ಲಿ ಯಾರು, ಏನಾಯಿತು, ಏನು ಸರಿಪಡಿಸಲಾಗಿದೆ ಎಂಬ ಮೂರೂ ಇವೆ. ಶಾಲೆಯ ಶಿಕ್ಷಕರ ಸಹಾಯದಿಂದ ಇದನ್ನೇ ಇಂಗ್ಲಿಷಿನಲ್ಲಿ ಬರೆದು ಸಲ್ಲಿಸಿದರೆ ಇನ್ನೂ ಅನುಕೂಲ. ಒಮ್ಮೆ ಸಲ್ಲಿಸಿದ ಮೇಲೆ ಗಂಟೆಗೊಂದರಂತೆ ಅದನ್ನೇ ಮತ್ತೆ ಕಳುಹಿಸುವುದರಿಂದ ಪ್ರಯೋಜನವಿಲ್ಲ.

ಮನವಿ ತಿರಸ್ಕೃತವಾದರೆ

ಆ್ಯಪಿನೊಳಗಿನ ಮನವಿ ವಿಫಲವಾದರೆ ಭಾರತದ ಬಳಕೆದಾರರಿಗೆ ಇನ್ನೂ ಎರಡು ಮೆಟ್ಟಿಲುಗಳಿವೆ. 2021ರ ನಿಯಮಗಳ ಪ್ರಕಾರ ಇಂಥ ಕಂಪನಿಗಳು ಭಾರತದಲ್ಲಿ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಅವರನ್ನು ಸಂಪರ್ಕಿಸುವ ವಿಧಾನ ವಾಟ್ಸಾಪಿನ ಅಧಿಕೃತ ಜಾಲತಾಣದಲ್ಲಿಯೇ ಇರುತ್ತದೆ. ದೂರು ಬಂದ 24 ಗಂಟೆಗಳೊಳಗೆ ಸ್ವೀಕೃತಿ ಕೊಡಬೇಕೆಂದೂ, 15 ದಿನಗಳಲ್ಲಿ ವಿಲೇವಾರಿ ಮಾಡಬೇಕೆಂದೂ ಮೂಲ ನಿಯಮ ಹೇಳಿತ್ತು. ದೂರಿನಲ್ಲಿ +91 ಸೇರಿಸಿ ಪೂರ್ಣ ಸಂಖ್ಯೆ, ನಿರ್ಬಂಧ ಬಂದ ದಿನ, ಆ್ಯಪಿನಲ್ಲಿ ಮನವಿ ಕೊಟ್ಟ ದಿನ ಮತ್ತು ಬಂದ ಉತ್ತರ ಇವನ್ನು ಬರೆಯಬೇಕು. ಮೊದಲ ದಿನ ತೆಗೆದಿಟ್ಟ ಪರದೆಯ ಚಿತ್ರವನ್ನು ಲಗತ್ತಿಸಬೇಕು.

ಅಲ್ಲಿಯೂ ಸಮಾಧಾನವಾಗದಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. 2022ರ ಅಕ್ಟೋಬರಿನ ತಿದ್ದುಪಡಿಯಿಂದ ಈ ಅವಕಾಶ ಹುಟ್ಟಿತು, 2023ರ ಜನವರಿಯಲ್ಲಿ ಇಂಥ ಮೂರು ಸಮಿತಿಗಳು ರಚನೆಯಾದವು. ಮೇಲ್ಮನವಿಯನ್ನು gac.gov.in ಎಂಬ ಜಾಲತಾಣದಲ್ಲಿ ಸಲ್ಲಿಸಬೇಕು, ಕಚೇರಿಗೆ ಅಲೆಯಬೇಕಾಗಿಲ್ಲ. ಕುಂದುಕೊರತೆ ಅಧಿಕಾರಿಯ ಉತ್ತರ ಕೈಸೇರಿದ 30 ದಿನಗಳೊಳಗೆ ಇದನ್ನು ಸಲ್ಲಿಸಬೇಕೆಂಬುದನ್ನು ಮರೆಯಬಾರದು. ಅಧಿಕಾರಿಗೆ ದೂರು ಕೊಡದೆ ನೇರವಾಗಿ ಇಲ್ಲಿಗೆ ಬರುವಂತಿಲ್ಲ.

ಆದರೆ ನಿರೀಕ್ಷೆ ಮಿತಿಯಲ್ಲಿರಲಿ. ಮೇಲೆ ಹೇಳಿದ 2021ರ ಮೊದಲ ವರದಿಯ ಅವಧಿಯಲ್ಲಿ ಕುಂದುಕೊರತೆ ಅಧಿಕಾರಿಗೆ ಬಂದ ಒಟ್ಟು 345 ಕೋರಿಕೆಗಳಲ್ಲಿ 204 ನಿರ್ಬಂಧದ ವಿರುದ್ಧದ ಮನವಿಗಳೇ ಆಗಿದ್ದವು, ಕ್ರಮ ಕೈಗೊಂಡ ಖಾತೆಗಳು 63. ಮನವಿ ಎಂದರೆ ಖಾತೆ ಮರಳಿ ಬಂದೇ ಬರುತ್ತದೆ ಎಂದಲ್ಲ, ಆದರೆ ಅದು ವ್ಯರ್ಥವೂ ಅಲ್ಲ.

ಇದೇ ಹೊತ್ತಿನಲ್ಲಿ ಇನ್ನೊಂದು ಅಪಾಯ ಎದುರಾಗುತ್ತದೆ. ಹಣ ಕೊಟ್ಟರೆ ಒಂದು ಗಂಟೆಯಲ್ಲಿ ಖಾತೆ ಬಿಡಿಸಿಕೊಡುತ್ತೇವೆ ಎನ್ನುವವರು ಯೂಟ್ಯೂಬಿನಲ್ಲಿಯೂ ಟೆಲಿಗ್ರಾಮಿನಲ್ಲಿಯೂ ಇದ್ದಾರೆ. ಮನವಿಯ ಗುಂಡಿ ನಿಮ್ಮ ಪರದೆಯಲ್ಲಿಯೇ ಇದೆ, ಅದಕ್ಕೆ ಶುಲ್ಕವಿಲ್ಲ. ಯಾರಾದರೂ ಆರು ಅಂಕೆಗಳ ಸಂಕೇತವನ್ನು ಕೇಳಿದರೆ ಅವರಿಗೆ ಬೇಕಾಗಿರುವುದು ನಿಮ್ಮ ಖಾತೆಯೇ. ಅದನ್ನು ನೆಂಟರಿಗೂ ಹೇಳಬಾರದು.

ಶಾಲೆಯ ಸಂದೇಶ ಕಳುಹಿಸುವ ಸರಿಯಾದ ದಾರಿ

ಹಾಗಾದರೆ 180 ಪಾಲಕರಿಗೆ ಸಭೆಯ ದಿನಾಂಕ ತಿಳಿಸುವುದು ಹೇಗೆ? ಅಧಿಕೃತ ವಾಟ್ಸಾಪಿನಲ್ಲಿಯೇ ದಾರಿಯಿದೆ. ಪ್ರಸಾರ ಪಟ್ಟಿ, ಅಂದರೆ "Broadcast list" ಮಾಡಿ ಒಂದು ಪಟ್ಟಿಗೆ 256 ಜನರವರೆಗೆ ಸೇರಿಸಬಹುದು. ಇದರ ವಿಶೇಷವೆಂದರೆ ನಿಮ್ಮ ಸಂಖ್ಯೆಯನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. "ನನಗೆ ಬರಲೇ ಇಲ್ಲ" ಎನ್ನುವ ಪಾಲಕರ ಮೊಬೈಲಿನಲ್ಲಿ ಕಳುಹಿಸಿದವರ ಹೆಸರು ಉಳಿದಿರುವುದಿಲ್ಲ, ಅಷ್ಟೇ. ಪ್ರವೇಶದ ಅರ್ಜಿ ತುಂಬುವ ದಿನವೇ, ಶಿಕ್ಷಕರ ಎದುರಿಗೇ, ಶಾಲೆಯ ಸಂಖ್ಯೆಯನ್ನು ಉಳಿಸಿಕೊಳ್ಳುವಂತೆ ಮಾಡಿದರೆ ಈ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ಗುಂಪಿಗೆ ಸೇರಿಸುವಾಗಲೂ ಕೇಳದೆ ಸೇರಿಸುವುದು ಬೇಡ. ಬೇಡವೆನಿಸಿದವರು ಗುಂಪಿನ ಮೇಲೆ ದೂರು ಕೊಟ್ಟು ಹೊರನಡೆಯುತ್ತಾರೆ, ಅದು ಸೇರಿಸಿದವರ ಲೆಕ್ಕಕ್ಕೆ ಬರುತ್ತದೆ. ಆಹ್ವಾನದ ಕೊಂಡಿಯನ್ನು ಕಳುಹಿಸಿದರೆ ಅಥವಾ ಅದರ ಚೌಕಾಕಾರದ ಗುರುತನ್ನು ಮುದ್ರಿಸಿ ಶಾಲೆಯ ಫಲಕಕ್ಕೆ ಅಂಟಿಸಿದರೆ ಪಾಲಕರು ತಾವಾಗಿಯೇ ಸೇರುತ್ತಾರೆ. ಸಂದೇಶ ದಾಟಿಸುವಾಗ ಒಮ್ಮೆಗೆ ಐದು ಸಂಭಾಷಣೆಗಳ ಮಿತಿಯಿದೆ. ಇದು ಭಾರತದಲ್ಲಿ 2018ರಲ್ಲಿ ಬಂತು, 2019ರಲ್ಲಿ ಜಗತ್ತಿಗೆಲ್ಲ ವಿಸ್ತರಿಸಿತು. ಎರಡು ಬಾಣಗಳ ಗುರುತಿರುವ, ಅಂದರೆ ಹಲವು ಬಾರಿ ದಾಟಿ ಬಂದ ಸಂದೇಶವನ್ನು 2020ರ ಏಪ್ರಿಲ್‌ನಿಂದ ಒಮ್ಮೆಗೆ ಒಂದೇ ಸಂಭಾಷಣೆಗೆ ದಾಟಿಸಬಹುದು. ಈ ಮಿತಿಗಳನ್ನು ಮುರಿಯಲು ಸಹಾಯ ಮಾಡುವ ಯಾವ ಆ್ಯಪಾದರೂ ಖಾತೆಗೆ ಅಪಾಯವೇ.

ಕೊನೆಯದಾಗಿ ಶಾಲಾ ಸಮಿತಿಗಳು ಒಂದು ಚಿಕ್ಕ ವ್ಯವಸ್ಥೆ ಮಾಡಿಕೊಳ್ಳಬೇಕು. ಪ್ರತಿ ತರಗತಿಯ ಗುಂಪಿಗೆ ಕನಿಷ್ಠ ಇಬ್ಬರು ನಿರ್ವಾಹಕರಿರಲಿ, ಇಬ್ಬರೂ ಒಂದೇ ಮನೆಯವರಾಗಿರದಿರಲಿ. ಒಬ್ಬರ ಖಾತೆ ನಿಂತರೂ ಗುಂಪು ಅನಾಥವಾಗುವುದಿಲ್ಲ. ಪಾಲಕರ ಸಂಖ್ಯೆಗಳ ಪಟ್ಟಿಯನ್ನು ಶಾಲೆಯಲ್ಲಿ ಕಾಗದದ ಮೇಲೆಯೂ ಬರೆದಿಟ್ಟಿರಬೇಕು. ಖಾತೆ ನಿಂತ ದಿನ ಆ ಪಟ್ಟಿ ಕೈಯಲ್ಲಿದ್ದರೆ, ಶಿಷ್ಯವೇತನ ಪರೀಕ್ಷೆಯ ಕೊನೆಯ ದಿನಾಂಕ ಕಬ್ಬಿನ ಗದ್ದೆಯಲ್ಲಿರುವ ತಾಯಿಗೂ ಒಂದು ಫೋನ್ ಕರೆಯಿಂದ ತಿಳಿಯುತ್ತದೆ.